ಅಳೆಯದ ಮೂರು ಸೋಮವಾರಗಳು

ಚಿತ್ರದಲ್ಲಿ ಕಾಣುತ್ತಿರುವುದು 2002ರ ಒಂದು ಇನ್ನೂರು ಪುಟದ ನೋಟುಬುಕ್ಕು. ಅದರ ಮೇಲೆ ಕೈ ಇಟ್ಟುಕೊಂಡು ಕುಳಿತವರು ಹಾವೇರಿ ಜಿಲ್ಲೆಯ ನಮ್ಮ ಸರ್ಕಾರಿ ಪ್ರೌಢಶಾಲೆಯ ಗಣಿತ ಮತ್ತು ವಿಜ್ಞಾನದ ಮೇಷ್ಟ್ರು. ಇಂದು ಮೇ 31. ಅವರು ವಯೋನಿವೃತ್ತಿ ಹೊಂದುತ್ತಿದ್ದಾರೆ. ನಮ್ಮ ಕಡೆ ಹಿಂದಿನ ತಲೆಮಾರಿನ ಬಹಳಷ್ಟು ಜನರನ್ನು ಶಾಲೆಗೆ ಹಚ್ಚುವಾಗ ಜೂನ್ 1ನ್ನೇ ಹುಟ್ಟಿದ ದಿನವೆಂದು ಬರೆಸುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬುದು ಸರ್ಕಾರಿ ನಿಯಮ. ಹಾಗಾಗಿ ಇಂದು ಎಷ್ಟೋ ಊರುಗಳಲ್ಲಿ ಬೀಳ್ಕೊಡುಗೆಯ ಶಾಲು, ಹಾರ, ಫಲತಾಂಬೂಲಗಳು ಒಂದೇ ಹೊತ್ತಿಗೆ ನಡೆಯುತ್ತಿರುತ್ತವೆ. ಸರ್ ಅವರ ನಿಜವಾದ ಹುಟ್ಟಿದ ದಿನ ಯಾವುದೆಂದು ಕೇಳಿದರೆ, "ಅವ್ವ ಸುಗ್ಗಿಯ ಹೊತ್ತಿಗೆ ಎಂದು ಹೇಳುತ್ತಿದ್ದಳು, ಯಾರೂ ಬರೆದಿಟ್ಟಿಲ್ಲ" ಎನ್ನುತ್ತಾರೆ. ಬರೆದಿಡುವ ವಿಷಯದಲ್ಲಿ ಅವರಿಗಿರುವ ಹಟಕ್ಕೂ ಈ ಮಾತಿಗೂ ಏನಾದರೂ ಸಂಬಂಧವಿರಬಹುದೇ ಎಂದು ನನಗೆ ಆಗಾಗ ಅನ್ನಿಸಿದೆ.

ಆ ವರ್ಷ ನಾವು ಒಂಬತ್ತನೆಯ ತರಗತಿಯಲ್ಲಿದ್ದೆವು. ಶಾಲೆಯ ಹಿಂದಿನ ಬಯಲಿನಲ್ಲಿ ಸರ್ ಒಂದು ಸಿಮೆಂಟಿನ ಕಟ್ಟೆ ಮಾಡಿಸಿ, ಅದರ ನಡುವೆ ನೆಲದಿಂದ ಸರಿಯಾಗಿ ನೂರು ಸೆಂಟಿಮೀಟರ್ ಎತ್ತರಕ್ಕೆ ಬರುವಂತೆ ಒಂದು ಕಬ್ಬಿಣದ ಸರಳನ್ನು ನಿಲ್ಲಿಸಿದ್ದರು. ನಮ್ಮ ಹಳೆಯ ಜ್ಯೋತಿಷಿಗಳು ಇದನ್ನು ಶಂಕು ಎಂದು ಕರೆಯುತ್ತಿದ್ದರೆಂದೂ, ಅವರ ಶಂಕು ಹನ್ನೆರಡು ಅಂಗುಲದ್ದೆಂದೂ, ನಮಗೆ ಲೆಕ್ಕ ಸುಲಭವಾಗಲೆಂದು ನೂರನ್ನು ಆರಿಸಿದ್ದಾಗಿಯೂ ಹೇಳಿದರು. ಸರಳು ನೆಟ್ಟಗಿದೆಯೇ ಎಂದು ನೋಡಲು, ಗೌಂಡಿಯವರು ಗೋಡೆ ನೋಡುವ ತೂಕದ ಗುಂಡನ್ನು ತರಿಸಿ ನಾಲ್ಕೂ ಕಡೆಯಿಂದ ಇಳಿಬಿಟ್ಟು ನೋಡಿದರು. ಸರಳು ಉತ್ತರಕ್ಕೋ ದಕ್ಷಿಣಕ್ಕೋ ಒಂದೇ ಒಂದು ಡಿಗ್ರಿ ವಾಲಿದರೂ ನಮ್ಮ ಲೆಕ್ಕದಲ್ಲಿ ಊರು ನೂರ ಹನ್ನೊಂದು ಕಿಲೋಮೀಟರ್ ಸರಿದುಹೋಗುತ್ತದೆ ಎಂದು ಅವರು ಹೇಳಿದಾಗ ನಮಗೆ ನಗು ಬಂದಿತ್ತು. ಆ ಮಾತು ಮೂರೇ ತಿಂಗಳಲ್ಲಿ ನನ್ನ ಮೇಲೆಯೇ ಬರಲಿದೆಯೆಂದು ಆಗ ಗೊತ್ತಿರಲಿಲ್ಲ.

ಮೊದಲು ನಾವು ದಿಕ್ಕನ್ನು ಗುರುತಿಸಬೇಕಾಗಿತ್ತು. ಸರಳಿನ ಸುತ್ತ ಹಗ್ಗದಿಂದ ಒಂದು ವೃತ್ತ ಎಳೆದು, ಬೆಳಿಗ್ಗೆ ಕುಗ್ಗುತ್ತ ಬರುವ ನೆರಳಿನ ತುದಿ ವೃತ್ತವನ್ನು ಮುಟ್ಟಿದ ಜಾಗಕ್ಕೆ ಒಂದು ಮೊಳೆ, ಮಧ್ಯಾಹ್ನದ ಮೇಲೆ ಬೆಳೆಯುತ್ತ ಹೋಗುವ ನೆರಳು ಮತ್ತೆ ಅದೇ ವೃತ್ತವನ್ನು ಮುಟ್ಟಿದ ಜಾಗಕ್ಕೆ ಇನ್ನೊಂದು ಮೊಳೆ ಹೊಡೆದೆವು. ಎರಡನ್ನೂ ಸೇರಿಸಿದ ಗೆರೆ ಪೂರ್ವ ಪಶ್ಚಿಮ. ಅದಕ್ಕೆ ಲಂಬವಾಗಿ ಸರಳಿನ ಬುಡದಿಂದ ಎಳೆದದ್ದು ಉತ್ತರ ದಕ್ಷಿಣ. ನೆರಳು ಈ ಎರಡನೆಯ ಗೆರೆಯ ಮೇಲೆ ಬಂದು ಕೂಡುವ ಕ್ಷಣವೇ ನಮ್ಮ ಊರಿನ ನಡುಹಗಲು. ಅದು ಗಡಿಯಾರದ ಹನ್ನೆರಡು ಗಂಟೆಗೆ ಬರುವುದಿಲ್ಲ ಎನ್ನುವುದೇ ನಮಗೆಲ್ಲ ದೊಡ್ಡ ಸುದ್ದಿಯಾಗಿತ್ತು. ಭಾರತದ ಗಡಿಯಾರ ಎಂಬತ್ತೆರಡೂವರೆ ಡಿಗ್ರಿ ರೇಖಾಂಶವನ್ನು ಅನುಸರಿಸುತ್ತದೆ. ಹಾವೇರಿ ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕಿದೆ, ಒಂದೊಂದು ಡಿಗ್ರಿಗೆ ನಾಲ್ಕು ನಿಮಿಷ ತಡ. ಆದ್ದರಿಂದ ನಮ್ಮ ನಡುಹಗಲು ಹೆಚ್ಚು ಕಡಿಮೆ ಹನ್ನೆರಡೂವರೆಗೆ. ಅದೂ ಒಂದೇ ಸಮ ಇರದೆ, ನವೆಂಬರಿನ ಮೊದಲಲ್ಲಿ ಹನ್ನೆರಡು ದಾಟಿ ಹನ್ನೆರಡು ನಿಮಿಷಕ್ಕೇ ಬಂದುಬಿಡುತ್ತದೆ, ಫೆಬ್ರುವರಿಯಲ್ಲಿ ಮುಕ್ಕಾಲು ಗಂಟೆಯವರೆಗೂ ಕಾಯಿಸುತ್ತದೆ.

ನೆರಳನ್ನು ಅಳೆಯುವುದು ನೋಡಲು ಸುಲಭ, ಮಾಡಲು ಕಷ್ಟ. ಸೂರ್ಯ ಒಂದು ಚುಕ್ಕೆಯಲ್ಲ, ಅರ್ಧ ಡಿಗ್ರಿಯಷ್ಟು ಅಗಲವಿರುವ ಬಿಲ್ಲೆ. ಹಾಗಾಗಿ ನೆರಳಿನ ತುದಿ ಕತ್ತರಿಸಿದ ಹಾಗೆ ನಿಲ್ಲದೆ ಸುಮಾರು ಒಂದು ಸೆಂಟಿಮೀಟರಿನಷ್ಟು ಮಸುಕಾಗಿ ಹರಡಿಕೊಂಡಿರುತ್ತದೆ. ಒಬ್ಬನಿಗೆ ಕಂಡ ತುದಿ ಇನ್ನೊಬ್ಬನಿಗೆ ಕಾಣುವುದಿಲ್ಲ. ಇದರ ಮೇಲೆ ನಮ್ಮಲ್ಲಿ ಎರಡು ದಿನ ಜಗಳವಾದ ಮೇಲೆ ಸರ್ ಸರಳಿನ ತುದಿಗೆ ಒಂದು ರಟ್ಟಿನ ತುಂಡನ್ನು ಸಿಕ್ಕಿಸಿ, ಅದಕ್ಕೆ ಸೂಜಿಯಿಂದ ಒಂದು ರಂಧ್ರ ಮಾಡಿದರು. ನೆರಳಿನ ನಡುವೆ ಒಂದು ಪುಟ್ಟ ಬೆಳಕಿನ ಬಿಂಬ ಬಿದ್ದಿತು. ಅದರ ನಡುಭಾಗವನ್ನು ಗುರುತಿಸುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಉಳಿಯಲಿಲ್ಲ.

ಸೆಪ್ಟೆಂಬರ್ 23, ಸೋಮವಾರ, ಮೊದಲ ಅಳತೆ. ಅಂದು ಸೂರ್ಯ ಸಮಭಾಜಕ ವೃತ್ತದ ನೇರಕ್ಕಿರುತ್ತಾನೆ. ಹಾಗಾಗಿ ನಮ್ಮ ನಡುನೆತ್ತಿಯಿಂದ ಅವನು ಎಷ್ಟು ಡಿಗ್ರಿ ದಕ್ಷಿಣಕ್ಕೆ ವಾಲಿದ್ದಾನೋ ಅದೇ ನಮ್ಮ ಊರಿನ ಅಕ್ಷಾಂಶ. ನೆರಳು ಇಪ್ಪತ್ತಾರೂವರೆ ಸೆಂಟಿಮೀಟರ್ ಬಂತು. ತ್ರಿಕೋನಮಿತಿ ಹತ್ತನೆಯ ತರಗತಿಯ ಪಾಠವಾದ್ದರಿಂದ ಸರ್ ನಮ್ಮಿಂದ ಹತ್ತು ಸೆಂಟಿಮೀಟರ್ ಎತ್ತರ, ಎರಡು ಮುಕ್ಕಾಲಿಗೆ ಸ್ವಲ್ಪ ಕಡಿಮೆ ಬುಡವಿರುವ ತ್ರಿಭುಜವನ್ನು ಬರೆಸಿ, ಕೋನಮಾಪಕ ಇಟ್ಟು ಓದಿಸಿದರು. ಹದಿನೈದಕ್ಕೆ ಕೂದಲೆಳೆಯಷ್ಟು ಕಡಿಮೆ. ಸಮಾಜ ವಿಜ್ಞಾನದ ಮೇಡಂ ಹತ್ತಿರ ಇಸಿದುಕೊಂಡು ಬಂದ ಭೂಪಟದಲ್ಲಿ ಹಾವೇರಿ ಹದಿನೈದರ ಗೆರೆಯ ಸ್ವಲ್ಪ ಕೆಳಗೇ ಇತ್ತು. ಒಂದು ಸರಳು, ಒಂದು ಅಳತೆಪಟ್ಟಿ ಇಟ್ಟುಕೊಂಡು ನಾವು ಭೂಮಿಯ ಮೇಲೆ ಎಲ್ಲಿದ್ದೇವೆಂದು ಕಂಡುಕೊಂಡ ಆ ಮಧ್ಯಾಹ್ನ ಊಟದ ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಅಲ್ಲಿಂದ ಪ್ರತಿ ಸೋಮವಾರ ನಡುಹಗಲಿಗೆ ಹೋಗಿ ಅಳೆದು ನೋಟುಬುಕ್ಕಿನಲ್ಲಿ ಬರೆಯುವ ಕೆಲಸವನ್ನು ಸರ್ ನನಗೆ ಒಪ್ಪಿಸಿದರು. ಅಂಕಿ ಇಲ್ಲದ ದಿನಗಳೂ ಅದರಲ್ಲಿದ್ದವು. ದಸರೆಯ ದಿನಗಳಿಗೆ "ರಜೆ" ಎಂದೂ, ಹಿಂಗಾರಿನ ಮಳೆ ಹಿಡಿದ ಒಂದು ಸೋಮವಾರಕ್ಕೆ "ಮೋಡ" ಎಂದೂ ಬರೆದು ಬಿಟ್ಟಿದ್ದೆವು. ಉಳಿದಂತೆ ನೆರಳು ವಾರಕ್ಕೆ ಐದು ಸೆಂಟಿಮೀಟರಿನ ಆಸುಪಾಸಿನಲ್ಲಿ ಬೆಳೆಯುತ್ತ ಹೋಗಿ ನವೆಂಬರ್ 18ಕ್ಕೆ ಅರುವತ್ತೇಳೂವರೆ ಮುಟ್ಟಿತ್ತು.

ಆಮೇಲೆ ನನಗೆ ಬೇಸರ ಬಂತು. ತರಗತಿಯಿಂದ ಹೊರಹೋಗಲು ಸಿಗುತ್ತಿದ್ದ ಆ ಹದಿನೈದು ನಿಮಿಷಗಳಲ್ಲಿ ಬಸ್ ನಿಲ್ದಾಣದ ಎದುರು ಗಿರಮಿಟ್ಟು, ಮಿರ್ಚಿ ತಿಂದು ಬರಬಹುದೆಂದು ಕಂಡುಕೊಂಡೆ. ಮೂರು ಸೋಮವಾರ ಹಾಗೆಯೇ ಮಾಡಿದೆ. ಬಂದವನೇ ಹಿಂದಿನ ಅಂಕಿಗೆ ಐದರ ಹತ್ತಿರದ್ದನ್ನು ಕೂಡಿಸಿ, ಅನುಮಾನ ಬಾರದಿರಲೆಂದು ದಶಾಂಶಗಳನ್ನು ಆಚೆ ಈಚೆ ಮಾಡಿ ಬರೆದೆ: 72.6, 77.4, 82.5. ನನ್ನ ಜಾಣತನದ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಡಿಸೆಂಬರ್ 16ರಂದು ಸರ್ ಇಡೀ ತರಗತಿಯನ್ನು ಕಟ್ಟೆಯ ಬಳಿಗೆ ಕರೆದುಕೊಂಡು ಹೋದರು. ನೆರಳು ಎಪ್ಪತ್ತೆಂಟು ಸೆಂಟಿಮೀಟರಿಗೆ ಸ್ವಲ್ಪ ಮೇಲೆ ನಿಂತಿತು. ಡಿಸೆಂಬರ್ 22ರವರೆಗೆ ಬೆಳೆಯಲೇಬೇಕಾದ ನೆರಳು ಒಂದು ವಾರದಲ್ಲಿ ನಾಲ್ಕು ಸೆಂಟಿಮೀಟರ್ ಕುಗ್ಗಿತ್ತು. ನನ್ನ ಕಿವಿ ಬಿಸಿಯಾಯಿತು. ಸರ್ ಏನೂ ಹೇಳದೆ ನನ್ನ ಕೊನೆಯ ಅಂಕಿಗೆ ತ್ರಿಭುಜ ಬರೆಯಲು ಹೇಳಿದರು. ಮೂವತ್ತೊಂಬತ್ತೂವರೆ ಡಿಗ್ರಿ ಬಂತು. ಡಿಸೆಂಬರ್ 9ರಂದು ಸೂರ್ಯ ಸಮಭಾಜಕದಿಂದ ದಕ್ಷಿಣಕ್ಕೆ ಇಪ್ಪತ್ತಮೂರಕ್ಕೆ ತುಸು ಕಡಿಮೆ ಇರುತ್ತಾನೆ, ಅದನ್ನು ಕಳೆಯಿರಿ ಎಂದರು. ಉಳಿದದ್ದು ಹದಿನಾರೂಮುಕ್ಕಾಲು. ಭೂಪಟ ತೆಗೆದು ನೋಡಿದ ಸರ್, "ಹೋದ ಸೋಮವಾರ ನಮ್ಮ ಶಾಲೆ ಬಿಜಾಪುರಕ್ಕೆ ಹೋಗಿ ಬಂದ ಹಾಗಿದೆ" ಎಂದಷ್ಟೇ ಹೇಳಿದರು. ಹುಡುಗರು ನಕ್ಕರು. ಅವರು ನಗಲಿಲ್ಲ, ಯಾರು ಎಂದು ಕೇಳಲೂ ಇಲ್ಲ.

ಸಂಜೆ ನಾನೇ ಹೋಗಿ ಒಪ್ಪಿಕೊಂಡೆ. ಬೈಯುವರೆಂದು ಕಾದಿದ್ದವನಿಗೆ ಅವರು ಹಲಗೆಯ ಮೇಲೆ ಒಂದು ಗೆರೆ ಎಳೆದು, ನೆರಳು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೇಗ ಬೇಗ ಬೆಳೆದು, ಡಿಸೆಂಬರ್ ಹತ್ತಿರ ಬಂದಂತೆ ನಿಧಾನವಾಗಿ, ತುದಿಯಲ್ಲಿ ಕೆಲವು ದಿನ ನಿಂತೇಬಿಟ್ಟಂತೆ ಕಾಣುವುದೇಕೆಂದು ಅರ್ಧ ಗಂಟೆ ವಿವರಿಸಿದರು. ನಮ್ಮ ಊರಿನಲ್ಲಿ ನೂರು ಸೆಂಟಿಮೀಟರಿನ ಸರಳಿನ ನಡುಹಗಲ ನೆರಳು ವರ್ಷದ ಯಾವ ದಿನವೂ ಎಪ್ಪತ್ತೊಂಬತ್ತನ್ನು ದಾಟಲಾರದು. ನಾನು ಕದ್ದಿದ್ದ ಪಾಠ ಅದೇ ಆಗಿತ್ತು: ಆ ಮೂರು ಸೋಮವಾರ ನಾನು ಅಳೆದಿದ್ದರೆ ಗೆರೆ ಬಾಗುವುದನ್ನು ಮೊದಲು ಕಾಣುವವನು ನಾನೇ ಆಗುತ್ತಿದ್ದೆ. ಆಮೇಲೆ ಅವರು ಕೆಂಪು ಪೆನ್ನು ತೆಗೆದು ನನ್ನ ಮೂರು ಅಂಕಿಗಳನ್ನು ಓದಲು ಬರುವಂತೆಯೇ ಒಂದೊಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ನನ್ನ ಕೈಯಿಂದಲೇ "ಅಳೆಯಲಿಲ್ಲ" ಎಂದು ಬರೆಸಿದರು. ಮುಂದಿನ ಸೋಮವಾರದ ಅಳತೆಯನ್ನು ಬೇರೆ ಯಾರಿಗೂ ಕೊಡಲಿಲ್ಲ, ನನಗೇ ಕೊಟ್ಟರು. ಇಂದಿಗೂ ನನಗೆ ಹೆಚ್ಚು ನೆನಪಿರುವುದು ಇದು.

ನಾನೀಗ ಜಮೀನು ಅಳೆಯುವ ಕೆಲಸದಲ್ಲಿದ್ದೇನೆ. ಹಳೆಯ ನಕ್ಷೆಯಲ್ಲಿರುವ ಗಡಿಕಲ್ಲು ಬದುವಿನಲ್ಲಿ ಸಿಗದೆ ಹೋದಾಗ, ಅಕ್ಕಪಕ್ಕದ ಎರಡು ಕಲ್ಲುಗಳನ್ನು ಹಿಡಿದು ಅದು ಇಲ್ಲೇ ಇರಬೇಕೆಂದು ಒಂದು ಅಂಕಿ ಹಾಕಿಬಿಡುವುದು ಬಹಳ ಸುಲಭ. ಇಬ್ಬರು ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯಲು ಅಷ್ಟು ಸಾಕು. ನನ್ನ ಕ್ಷೇತ್ರ ಪುಸ್ತಕದಲ್ಲಿ "ಕಲ್ಲು ಸಿಗಲಿಲ್ಲ" ಎಂಬ ಮಾತು ಬೇರೆಯವರಿಗಿಂತ ಹೆಚ್ಚು ಸಲ ಬರುತ್ತದೆಂದು ಮೇಲಿನವರು ಆಕ್ಷೇಪಿಸಿದ್ದುಂಟು. ಸರ್, ಆ ಆಕ್ಷೇಪಣೆ ನಿಮ್ಮಿಂದ ಬಂದ ಆಸ್ತಿ. ಅದಕ್ಕಾಗಿ, ಅಂದು ಎಲ್ಲರೆದುರು ನನ್ನ ಹೆಸರು ಹೇಳದೆ ಉಳಿಸಿದ್ದಕ್ಕಾಗಿ, ಮತ್ತು ಮರುವಾರ ಅಳತೆಪಟ್ಟಿಯನ್ನು ಮತ್ತೆ ನನ್ನ ಕೈಗೇ ಇಟ್ಟಿದ್ದಕ್ಕಾಗಿ ನಾನು ನಿಮಗೆ ಋಣಿ. ಆಗ ಹೇಳಲು ಬಾಯಿ ಬರಲಿಲ್ಲ.

ಇಂದಿನ ಬೀಳ್ಕೊಡುಗೆಗೆ ನಾನು ಬೇಗ ಬಂದೆ. ಕಟ್ಟೆಯ ಒಂದು ಮೂಲೆ ಒಡೆದಿದ್ದರೂ ಸರಳು ನೆಟ್ಟಗೆ ನಿಂತಿದೆ. ಮೇ ಮೊದಲ ದಿನದ ಆಸುಪಾಸಿನಲ್ಲಿ ಹಾವೇರಿಯಲ್ಲಿ ನಡುಹಗಲ ನೆರಳು ಸರಳಿನ ಬುಡದಲ್ಲೇ ಅಡಗಿಬಿಡುತ್ತದೆ. ಆಗ ಶಾಲೆಗೆ ರಜೆ. ಮತ್ತೆ ಹಾಗಾಗುವ ಆಗಸ್ಟ್ ನಡುವಿನಲ್ಲಿ ಮುಂಗಾರಿನ ಮೋಡ. ಹಾಗಾಗಿ ನೆರಳಿಲ್ಲದ ದಿನವನ್ನು ನಮ್ಮ ತಂಡ ಒಮ್ಮೆಯೂ ನೋಡಲಿಲ್ಲ. ಮೇ ಕೊನೆಗೆ ಸೂರ್ಯ ನಮ್ಮನ್ನು ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಶಾಲು ಹೊದಿಸಿ, ಭಾಷಣಗಳು ಮುಗಿದ ಮೇಲೆ ನೋಟುಬುಕ್ಕು ಹಿಡಿದು ನಾವಿಬ್ಬರೂ ಕಟ್ಟೆಗೆ ಹೋದೆವು. ಸರ್ ಅವರೇ ಅದನ್ನು ಇಷ್ಟು ವರ್ಷ ಸ್ಟಾಫ್ ರೂಮಿನ ಕಪಾಟಿನಲ್ಲಿ ಕಾದಿಟ್ಟಿದ್ದರು. ಹನ್ನೆರಡು ಇಪ್ಪತ್ತಾರಕ್ಕೆ ನಡುಹಗಲು, ನೆರಳು ದಕ್ಷಿಣಕ್ಕೆ ಹನ್ನೆರಡೂವರೆ ಸೆಂಟಿಮೀಟರ್ ಬರಬೇಕೆಂದು ನಾನು ರಾತ್ರಿಯೇ ಲೆಕ್ಕ ಹಾಕಿಕೊಂಡು ಬಂದಿದ್ದೆ.

ಹನ್ನೆರಡು ಇಪ್ಪತ್ತಕ್ಕೆ ಪಶ್ಚಿಮದಿಂದ ಮೋಡ ಏರಿತು. ಹತ್ತು ನಿಮಿಷ ಕಾದೆವು, ಕಟ್ಟೆಯ ಮೇಲೆ ನೆರಳು ಮೂಡಲಿಲ್ಲ. ಬರಬೇಕಾದ ಅಂಕಿ ನನಗೆ ಗೊತ್ತಿದೆ ಎಂದು ಹೇಳಿದೆ. ಸರ್ ನನ್ನ ಕೈಯಿಂದ ಪೆನ್ನು ಇಸಿದುಕೊಂಡು, ಕೊನೆಯ ಸಾಲಿನ ಕೆಳಗೆ ಇಂದಿನ ತಾರೀಖು ಹಾಕಿ, ಎದುರಿಗೆ ಬರೆದರು: "ಮೋಡ. ಅಳೆಯಲಿಲ್ಲ."