ಚಿಲ್ಲರ್ ಗ್ಯಾಸ್ ಬದಲಾವಣೆ ಮತ್ತು ಪ್ಲಾಂಟ್ ರೂಮ್ ಖರ್ಚಿನ ಬಗ್ಗೆ

ಆತ್ಮೀಯ ಗ್ರಾಹಕರೇ,

ಇನ್ನು ಮುಂದೆ ನಾವು ಕೂರಿಸುವ ಎಲ್ಲ ಹೊಸ ಸ್ಕ್ರೂ ಚಿಲ್ಲರ್‌ಗಳಲ್ಲೂ ಆರ್-134ಎ ಬದಲು ಆರ್-1234ಝಡ್ಇ ಗ್ಯಾಸ್ ಇರುತ್ತದೆ. ಪ್ಲಾಂಟ್ ರೂಮ್ ನಮ್ಮ ಪರೀಕ್ಷೆಯಲ್ಲಿ ಪಾಸಾಗುವವರೆಗೆ ಮೆಷಿನ್ ಚಾಲೂ ಮಾಡುವುದಿಲ್ಲ. ಕೆಲವರಿಗೆ ಹಳೆಯ ಕೊಟೇಶನ್ ಕಳಿಸಿದ ಮೇಲೆ ಈ ಬದಲಾವಣೆ ತಿಳಿಸಿದೆವು. ಅದು ನಮ್ಮ ತಪ್ಪು, ಕ್ಷಮಿಸಿ. ಮೊದಲೇ ಬರೆಯಬೇಕಿತ್ತು.

ಗ್ಯಾಸ್ ಬದಲಾಯಿಸಿದ್ದಕ್ಕೆ ಕಾರಣ ಒಂದೇ ಲೆಕ್ಕದಲ್ಲಿ ಹೇಳಬಹುದು. ಆರ್-134ಎ ವಾತಾವರಣಕ್ಕೆ ಹೋದರೆ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ 1,430 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. 300 ಕೆಜಿ ತುಂಬಿದ ಮೆಷಿನ್ ಪೂರ್ತಿ ಖಾಲಿಯಾದರೆ 429 ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟಂತೆ. ಹೊಸ ಗ್ಯಾಸ್‌ನ ಅಂಕಿ 7. ಅದೇ ಮೆಷಿನ್‌ಗೆ ಎರಡು ಟನ್ ಚಿಲ್ಲರೆ ಆಗುತ್ತದೆ. 2016ರ ಕಿಗಾಲಿ ಒಪ್ಪಂದದ ನಂತರ ಹಳೆಯ ಗ್ಯಾಸ್‌ಗಳ ಪೂರೈಕೆ ಹಂತಹಂತವಾಗಿ ಇಳಿಯಲೇಬೇಕು. ಇಪ್ಪತ್ತು ವರ್ಷ ಓಡಬೇಕಾದ ಮೆಷಿನ್‌ಗೆ ಇವತ್ತು ಆ ಗ್ಯಾಸ್ ತುಂಬಿ ಕೈತೊಳೆದುಕೊಳ್ಳಲು ನಮಗೆ ಮನಸ್ಸಿಲ್ಲ.

ಈಗ ನಿಮ್ಮಲ್ಲಿ ಬಹಳ ಜನ ಕೇಳಿದ ಪ್ರಶ್ನೆಗೆ ಬರುತ್ತೇವೆ. "ಉರಿಯುವ ಗ್ಯಾಸ್ ತಂದು ನಮ್ಮ ಕಟ್ಟಡದಲ್ಲಿ ಇಡುವವರು ನೀವು. ಅದಕ್ಕೆ ಫ್ಯಾನ್, ಡಿಟೆಕ್ಟರ್ ಅಂತ ಖರ್ಚು ಮಾತ್ರ ನಮ್ಮ ತಲೆಗಾ?" ಈ ಮಾತು ನಮಗೆ ನೋವು ಮಾಡಿದೆ. ಆದರೂ ಕೇಳುವ ಹಕ್ಕು ನಿಮಗಿದೆ. ಅದಕ್ಕೇ ಸ್ವಲ್ಪ ವಿವರವಾಗಿಯೇ ಉತ್ತರ ಕೊಡುತ್ತೇವೆ.

ಹೌದು, ಹೊಸ ಗ್ಯಾಸ್ ಎ2ಎಲ್ ವರ್ಗದ್ದು. 'ಎ' ಅಂದರೆ ವಿಷತ್ವ ಕಡಿಮೆ. '2ಎಲ್' ಅಂದರೆ ಉರಿಯಬಲ್ಲದು, ಆದರೆ ಜ್ವಾಲೆ ಹರಡುವುದು ನಿಧಾನ, ಸೆಕೆಂಡಿಗೆ 10 ಸೆಂ.ಮೀ. ಮೀರುವುದಿಲ್ಲ. 20 ಡಿಗ್ರಿ ಕೋಣೆಯಲ್ಲಿ ಇದು ಹೊತ್ತಿಕೊಳ್ಳುವುದೇ ಇಲ್ಲ. ಸುಮಾರು 30 ಡಿಗ್ರಿ ದಾಟಿದ ಮೇಲೆ, ಗಾಳಿಯಲ್ಲಿ ಸಾಕಷ್ಟು ಸೇರಿದ್ದರೆ, ಹೊತ್ತಿಕೊಳ್ಳಬಹುದು. ಪ್ಲಾಂಟ್ ರೂಮ್ ಬೆಚ್ಚಗೇ ಇರುತ್ತದೆ ಅಲ್ವಾ? ಹಾಗಾಗಿ 'ಸಾಮಾನ್ಯವಾಗಿ ಉರಿಯಲ್ಲ' ಅನ್ನುವ ಮಾತನ್ನು ನಂಬಿ ನಾವು ಯಾವ ರೂಮನ್ನೂ ಪಾಸು ಮಾಡುವುದಿಲ್ಲ.

ಒಂದು ರೂಮ್ ಲೆಕ್ಕ ಹಾಕಿ ನೋಡೋಣ. 10 ಮೀಟರ್ ಉದ್ದ, 8 ಮೀಟರ್ ಅಗಲ, 4 ಮೀಟರ್ ಎತ್ತರ, ಒಟ್ಟು 320 ಘನ ಮೀಟರ್. ಒಳಗೆ 300 ಕೆಜಿ ಗ್ಯಾಸ್ ಇರುವ ಚಿಲ್ಲರ್. ಹೊಸ ಗ್ಯಾಸ್ ಉರಿಯಲು ಘನ ಮೀಟರಿಗೆ ಕನಿಷ್ಠ 0.303 ಕೆಜಿ ಸೇರಬೇಕು. ಅಂದರೆ ಸುಮಾರು 97 ಕೆಜಿ ಸೋರಿ ಎಲ್ಲೆಡೆ ಸಮವಾಗಿ ಬೆರೆತರೆ ಅಪಾಯ. ಈಗ ಹಳೆಯ ಆರ್-134ಎ ನೋಡಿ. ಅದು ಉರಿಯುವುದಿಲ್ಲ. ಆದರೆ ಒಳಗಿರುವ ಮನುಷ್ಯ ತೊಂದರೆಯಿಲ್ಲದೆ ಹೊರಬರಬೇಕಾದರೆ ಘನ ಮೀಟರಿಗೆ 0.25 ಕೆಜಿ ಮೀರಬಾರದು. ಇದೇ ರೂಮಿಗೆ ಅದು 80 ಕೆಜಿ! ಇವೆರಡೂ ಗಾಳಿಗಿಂತ ಸುಮಾರು ಮೂರೂವರೆ, ನಾಲ್ಕು ಪಟ್ಟು ಭಾರ. ಸೋರಿದರೆ ನೆಲದ ಮೇಲೇ ಹರಡಿ, ಗುಂಡಿ ಸಿಕ್ಕರೆ ಅಲ್ಲೇ ನಿಲ್ಲುತ್ತವೆ.

ಆದ್ದರಿಂದ ತುರ್ತು ಎಕ್ಸಾಸ್ಟ್ ಫ್ಯಾನ್ ಹಳೆಯ ಗ್ಯಾಸ್‌ಗೂ ಬೇಕೇ ಇತ್ತು. ನಾವು ಪಾಲಿಸುವ ಐಎಸ್‌ಒ 5149 ನಿಯಮದಲ್ಲಿ ಫ್ಯಾನ್ ಗಾತ್ರ ಗ್ಯಾಸ್ ತೂಕದ ಮೇಲೆ ನಿಲ್ಲುತ್ತದೆ, ಉರಿಯುತ್ತದಾ ಇಲ್ಲವಾ ಅನ್ನುವುದರ ಮೇಲಲ್ಲ. 300 ಕೆಜಿಗೆ ಗಂಟೆಗೆ ಸುಮಾರು 2,260 ಘನ ಮೀಟರ್ ಗಾಳಿ ಬೇಕು. ಆರ್-134ಎ ಇದ್ದರೂ ಅಷ್ಟೇ. ಡಿಟೆಕ್ಟರ್, ಹೊರಕ್ಕೆ ತೆರೆಯುವ ಬಾಗಿಲು, ಸೇಫ್ಟಿ ವಾಲ್ವ್‌ನಿಂದ ಕಟ್ಟಡದ ಹೊರಗೆ ಹೋಗುವ ಪೈಪ್, ಇವೆಲ್ಲವೂ ಹಳೆಯ ಪಟ್ಟಿಯಲ್ಲೇ ಇದ್ದವು. ಎಷ್ಟೋ ಪ್ಲಾಂಟ್ ರೂಮ್‌ಗಳಲ್ಲಿ ಅವನ್ನು ಹಾಕದೆ ಬಿಟ್ಟಿದ್ದರು. ಕೊಟೇಶನ್‌ನಲ್ಲಿ ನಿಮಗೆ ಹೊಸದಾಗಿ ಕಾಣುವ ಹೆಚ್ಚಿನ ಸಾಲುಗಳು ಆ ಹಳೆಯ ಬಾಕಿ.

ನಿಜಕ್ಕೂ ಹೊಸದಾಗಿ ಸೇರುವುದು ಕಡಿಮೆ. ಎಕ್ಸಾಸ್ಟ್ ಫ್ಯಾನ್‌ನಿಂದ ಕಿಡಿ ಏಳಬಾರದು. ಗಾಳಿಯಲ್ಲಿ ಗ್ಯಾಸ್ ಉರಿಯುವ ಮಟ್ಟದ ಕಾಲು ಭಾಗ ಮುಟ್ಟಿದರೆ ಚಿಲ್ಲರ್ ಮತ್ತು ರೂಮಿನ ಉಳಿದ ಪವರ್ ಕಟ್ ಆಗಿ, ಫ್ಯಾನ್ ಮಾತ್ರ ಓಡಬೇಕು. ನಮ್ಮ ಉದಾಹರಣೆಯ ರೂಮಿನಲ್ಲಿ ಅದು ಸುಮಾರು 24 ಕೆಜಿ ಸೋರಿಕೆ. ಮೊದಲ ಅಲಾರಂ ಅದಕ್ಕಿಂತ ಬಹಳ ಮುಂಚೆ, 800 ಪಿಪಿಎಂನಲ್ಲೇ ಬರುತ್ತದೆ. ಅದು ಒಂದು ಕೆಜಿ ಚಿಲ್ಲರೆ. ಬಾಯ್ಲರ್ ಅದೇ ರೂಮಿನಲ್ಲಿದ್ದರೆ ಅದನ್ನು ಬೇರೆ ಮಾಡಲೇಬೇಕು. ಇದರಲ್ಲಿ ನಾವು ಬಗ್ಗುವುದಿಲ್ಲ. ಬೆಂಕಿಯ ಹತ್ತಿರ ಹಳೆಯ ಗ್ಯಾಸ್ ಹೋದರೂ ಒಡೆದು ಘಾಟಿನ ವಿಷ ಆಮ್ಲವಾಗುತ್ತಿತ್ತು.

ಇಷ್ಟು ಹಟ ಯಾಕೆ ಅಂದರೆ, ಒಮ್ಮೆ ನಾವೇ ಎಡವಿದ್ದೇವೆ. ಒಂದು ಆರ್-134ಎ ಪ್ಲಾಂಟ್‌ನಲ್ಲಿ ನಮ್ಮ ಹುಡುಗರು ಡಿಟೆಕ್ಟರನ್ನು ಬಾಗಿಲ ಪಕ್ಕ, ಎದೆಯ ಎತ್ತರದಲ್ಲಿ ಕೂರಿಸಿದ್ದರು. ನೋಡಲು, ರಿಪೇರಿ ಮಾಡಲು ಸುಲಭ ಅಂತ. ಸಕ್ಷನ್ ವಾಲ್ವ್‌ನ ನಟ್ ಸಡಿಲವಾಗಿ ಗ್ಯಾಸ್ ಸೋರುತ್ತಿತ್ತು, ಡಿಟೆಕ್ಟರ್ ಹಸಿರು ದೀಪ ತೋರಿಸುತ್ತಲೇ ಇತ್ತು. ಕೊನೆಗೆ ಚಿಲ್ಲರ್ ಕಡಿಮೆ ಪ್ರೆಶರ್‌ನಲ್ಲಿ ಟ್ರಿಪ್ ಆದಾಗ ಗೊತ್ತಾಯಿತು. ಯಾರಿಗೂ ಏನೂ ಆಗಲಿಲ್ಲ. ಹೋಗಿ ನೋಡಿದರೆ ಎಕ್ಸಾಸ್ಟ್ ಗ್ರಿಲ್ ಕೂಡ ಚಾವಣಿ ಹತ್ತಿರವಿತ್ತು. ಫ್ಯಾನ್ ಹಾಕಿ ನೆಲದ ಬಳಿ ಹೊಗೆ ಬಿಟ್ಟೆವು. ಅದು ಕಂಪ್ರೆಸರ್ ಕಾಲಿನ ಸುತ್ತ ಸುಮ್ನೆ ಸುಳಿದಾಡಿತು, ಮೇಲೇಳಲೇ ಇಲ್ಲ. ಅವತ್ತಿನಿಂದ ಡಿಟೆಕ್ಟರ್ ನೆಲದಿಂದ ಒಂದು ಗೇಣಿಗಿಂತ ಸ್ವಲ್ಪ ಮೇಲೆ, ಎಕ್ಸಾಸ್ಟ್ ಗ್ರಿಲ್ ನೆಲಕ್ಕೆ ಹತ್ತಿರ, ಹೊರಗಿನ ಗಾಳಿ ಎದುರು ಬದಿಯಿಂದ. ಚಾಲೂ ಮಾಡುವ ದಿನ ಆ ಹೊಗೆ ಪರೀಕ್ಷೆಯನ್ನು ನಿಮ್ಮೆದುರೇ ಮಾಡುತ್ತೇವೆ.

ಉರಿಯದ ಗ್ಯಾಸನ್ನೇ ಕೊಡಬಹುದಲ್ಲಾ ಅಂತ ಕೇಳಿದ್ದೀರಿ. ಆರ್-1233ಝಡ್‌ಡಿ ಉರಿಯುವುದಿಲ್ಲ, ಶಾಖ ಹಿಡಿದಿಡುವ ಅಂಕಿಯೂ ತೀರಾ ಕಡಿಮೆ. ಆದರೆ ಅದರ ಪ್ರೆಶರ್ ಬಹಳ ಕಡಿಮೆ, ಸೆಂಟ್ರಿಫ್ಯೂಗಲ್ ಮೆಷಿನ್‌ಗೆ ಹೊಂದುತ್ತದೆ, ನಮ್ಮ ಸ್ಕ್ರೂ ಮೆಷಿನ್‌ಗಳಿಗಲ್ಲ. ದೊಡ್ಡ ಪ್ಲಾಂಟ್ ಕೇಳಿದವರಿಗೆ ಅದನ್ನೇ ಸೂಚಿಸುತ್ತೇವೆ. ಆರ್-513ಎ ಕೂಡ ಉರಿಯದು, ಆದರೆ ಅದರ ಅಂಕಿ 631. ಹೊಸ ಮೆಷಿನ್‌ಗೆ ಅದು ಅರ್ಧ ದಾರಿ ಮಾತ್ರ.

ಈಗಾಗಲೇ ಆರ್-134ಎ ಮೆಷಿನ್ ಇರುವವರು ಗಾಬರಿಯಾಗಬೇಡಿ. ನಿಮ್ಮ ಸರ್ವೀಸ್ ಹಿಂದಿನಂತೆಯೇ ನಡೆಯುತ್ತದೆ. ಬದಲಿಸಲೇಬೇಕು ಅಂದರೆ ಕಂಪ್ರೆಸರ್ ತಯಾರಕರ ಒಪ್ಪಿಗೆ ಪಡೆದು ಆರ್-513ಎ ತುಂಬುತ್ತೇವೆ. ಹಳೆಯ ಮೆಷಿನ್‌ಗೆ ಆರ್-1234ಝಡ್ಇ ಮಾತ್ರ ತುಂಬುವುದಿಲ್ಲ, ಎಷ್ಟೇ ಒತ್ತಾಯ ಮಾಡಿದರೂ. ಅದರ ಪ್ಯಾನೆಲ್ ಉರಿಯುವ ಗ್ಯಾಸ್‌ಗೆ ಮಾಡಿದ್ದಲ್ಲ. ಮೇಲಾಗಿ ಅದೇ ಕಂಪ್ರೆಸರ್‌ನಲ್ಲಿ ತಂಪು ಸುಮಾರು ಕಾಲು ಭಾಗ ಕಡಿಮೆ ಸಿಗುತ್ತದೆ.

ಈ ವಾರದಿಂದ ಕೊಟೇಶನ್‌ನಲ್ಲಿ ಪ್ಲಾಂಟ್ ರೂಮ್ ಕೆಲಸವನ್ನು ಎರಡು ಭಾಗ ಮಾಡಿ ಕೊಡುತ್ತೇವೆ: ಯಾವ ಗ್ಯಾಸ್ ಇದ್ದರೂ ಬೇಕಾದದ್ದು ಒಂದು ಕಡೆ, ಹೊಸ ಗ್ಯಾಸ್‌ಗಾಗಿ ಮಾತ್ರ ಬೇಕಾದದ್ದು ಇನ್ನೊಂದು ಕಡೆ. ಎರಡನೆಯದರಲ್ಲಿ ನಾವು ಲಾಭ ಇಟ್ಟಿಲ್ಲ. ಯಾವ ಸಾಲಿನ ಬಗ್ಗೆ ಅನುಮಾನ ಬಂದರೂ ಫೋನ್ ಮಾಡಿ. ನಿಮ್ಮ ರೂಮಿನ ಅಳತೆ ಹಿಡಿದು ನಿಮ್ಮ ಜೊತೆ ಕೂತೇ ಲೆಕ್ಕ ಹಾಕುತ್ತೇವೆ.

ಇಂತಿ ನಿಮ್ಮ,
ಚಿಲ್ಲರ್ ಸರ್ವೀಸ್ ತಂಡ