‘ಕೊಡಿದೆ’ ಎಂದವನ ಅಪ್ಪ ಬರೆದ ಪತ್ರ

ಪ್ರಿಯ ಗೆಳೆಯ,

ನೀನು ಕಳುಹಿಸಿದ ಧ್ವನಿ ಸಂದೇಶವನ್ನು ಆರು ಸಲ ಕೇಳಿದೆ. ನೀನು ಬಾಡಿಗೆ ಮನೆಯ ವಿಷಯ ಹೇಳುತ್ತಿದ್ದೆ, ಹಿಂದಿನಿಂದ ನಿನ್ನ ಮಗಳು ‘ಬಬ್ಬಬ್ಬಬ್ಬ’ ಎಂದು ಅಧ್ಯಕ್ಷ ಭಾಷಣ ಮಾಡುತ್ತಿದ್ದಳು. ಬಾಡಿಗೆ ಎಷ್ಟೆಂದು ಈಗ ನೆನಪಿಲ್ಲ, ಇನ್ನೊಮ್ಮೆ ಹೇಳು. ಆ ‘ಬಬ್ಬಬ್ಬ’ದ ಬಗ್ಗೆ ಮಾತ್ರ ನಾನು ಬರೆಯಲೇಬೇಕು. ಎಲ್ಲರೂ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ, ಬೇಸರಿಸಬೇಡ. ಎಂಟು ತಿಂಗಳ ಮಕ್ಕಳ ಅಪ್ಪಂದಿರು ನಿನ್ನಂತೆ ಇನ್ನೂ ಇದ್ದಾರೆ. ಹಲಸಿನಹಣ್ಣಿನ ಪ್ರಸಂಗವನ್ನು ಇಲ್ಲಿ ಎತ್ತುವುದಿಲ್ಲ, ಭಯ ಬೇಡ.

ಎರಡು ಮೂರು ತಿಂಗಳಿಗೆ ಕೂಸು ‘ಆ’, ‘ಊ’, ‘ಗ್ಗೂ’ ಎನ್ನುತ್ತದೆ. ಕಿವಿ ಕೇಳದೆ ಹುಟ್ಟಿದ ಮಗುವೂ ಹಾಗೆ ಗೂಗುಡುತ್ತದೆ. ಆದ್ದರಿಂದ ಆ ಸದ್ದನ್ನು ನಂಬಿ ಕಿವಿಯ ಬಗ್ಗೆ ನಿಶ್ಚಿಂತರಾಗುವಂತಿಲ್ಲ. ಆರರಿಂದ ಹತ್ತು ತಿಂಗಳ ನಡುವೆ ವ್ಯಂಜನವೂ ಸ್ವರವೂ ಗಟ್ಟಿಯಾಗಿ ಸೇರಿ ‘ಬಬಬ’, ‘ದದದ’, ‘ಮಮಮ’ ಎಂದು ಸಾಲುಗಟ್ಟಿ ಬರಬೇಕು. ಕಿವಿ ಚೆನ್ನಾಗಿ ಕೇಳದ ಮಕ್ಕಳಲ್ಲಿ ತಡವಾಗುವುದು ಈ ಸಾಲು. ನಿನ್ನ ಮಗಳ ಸಾಲು ಎಷ್ಟು ಚೆಂದವಾಗಿದೆ ಎಂದರೆ, ನನಗೆ ಸಂತೋಷಕ್ಕೆ ಕಣ್ಣು ತುಂಬಿತು. ನಮ್ಮ ಅಮ್ಮ, ಅಪ್ಪ, ಅಕ್ಕ, ತಾತ, ಅತ್ತೆ ಎಲ್ಲರೂ ಈ ಸಾಲಿನ ಪಕ್ಕದ ಮನೆಯವರೇ ತಾನೆ? ಎರಡು ಸ್ವರ, ನಡುವೆ ತುಟಿಯನ್ನೋ ನಾಲಿಗೆಯನ್ನೋ ಒತ್ತಿ ಬಿಟ್ಟ ಒಂದು ವ್ಯಂಜನ. ಅವಳು ‘ಅಪ್ಪ’ ಎಂದಳು ಎಂದು ನೀನು ಕುಣಿಯುವ ದಿನ ದೂರವಿಲ್ಲ. ಆದರೆ ಅವಳು ನಿನ್ನನ್ನೇ ನೋಡುತ್ತ, ಬೇರೆ ಯಾರಿಗೂ ಹೇಳದೆ, ನಿನಗಾಗಿಯೇ ಹೇಳಿದಾಗ ಮಾತ್ರ ಅದನ್ನು ಪದವೆಂದು ಲೆಕ್ಕಕ್ಕೆ ತೆಗೆದುಕೋ.

ಬಾಯಿ ಹೀಗೆ ಸಾಧನೆ ಮಾಡುವ ಹೊತ್ತಿಗೆ ಕಿವಿ ಅದಕ್ಕಿಂತ ದೊಡ್ಡ ಕೆಲಸದಲ್ಲಿರುತ್ತದೆ. 1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಒಂದು ಅಧ್ಯಯನ ಪ್ರಕಟಿಸಿದರು. ಹಿಂದಿಯ ‘ಟ’ ಮತ್ತು ‘ತ’ ಬೇರೆ ಬೇರೆ ಎಂಬುದು ಇಂಗ್ಲಿಷ್ ಮನೆಗಳ ಆರೇಳು ತಿಂಗಳ ಮಕ್ಕಳಿಗೆ ಗೊತ್ತಾಗುತ್ತಿತ್ತು. ವರ್ಷ ತುಂಬುವಷ್ಟರಲ್ಲಿ ಆ ಭೇದ ಹೆಚ್ಚಿನ ಮಕ್ಕಳ ಕಿವಿಗೆ ಬೀಳದಂತಾಗಿತ್ತು, ಏಕೆಂದರೆ ಅವರ ಮನೆಯಲ್ಲಿ ಆ ಭೇದಕ್ಕೆ ಕೆಲಸವಿರಲಿಲ್ಲ. ನಮ್ಮ ಮಕ್ಕಳಿಗೆ ‘ಹೊಟ್ಟೆ’, ‘ಹೊತ್ತು’ ದಿನವೂ ಬೇಕು, ಹಾಗಾಗಿ ಉಳಿಯುತ್ತದೆ. ಮಾತು ಬರುವ ಮೊದಲೇ ಕಿವಿ ಕನ್ನಡದ್ದಾಗಿರುತ್ತದೆ.

ಈ ಸಾಲನ್ನು ಬರೆದು ಪೆನ್ನು ಕೆಳಗಿಟ್ಟೆ. ಮುಂದಿನದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ.

ನನ್ನ ಮಗನೂ ಏಳು ತಿಂಗಳಿಗೆ ‘ಬಬ್ಬಬ್ಬ’ ಎಂದ. ವರ್ಷ ತುಂಬುವ ಮೊದಲೇ ‘ಕಾಕಾ’ ಬಂತು. ಮೊದಲು ಕಾಗೆ, ಆಮೇಲೆ ಪಾರಿವಾಳ, ಆಮೇಲೆ ಹೆಲಿಕಾಪ್ಟರ್, ಕೊನೆಗೆ ಗಾಳಿಗೆ ಹಾರಿದ ಟವೆಲ್ಲೂ ಕಾಕಾ. ಒಂದು ಪದದ ಕಾಲದಲ್ಲಿ ಬಹಳ ಮಕ್ಕಳು ಹೀಗೆ ಒಂದೇ ಚೀಲಕ್ಕೆ ಹತ್ತು ಸಾಮಾನು ತುಂಬುತ್ತಾರೆ. ನಾನು ಒಂದು ನೋಟ್‌ಬುಕ್ ಇಟ್ಟು ದಿನಾಂಕ ಸಹಿತ ಬರೆಯುತ್ತಿದ್ದೆ. ಹದಿಮೂರು ತಿಂಗಳಿಗೆ ನಾಲ್ಕು ಪದಗಳಿದ್ದವು. ಆಮೇಲೆ ಮಳೆಗಾಲ, ನೆಗಡಿಯ ಮೇಲೆ ನೆಗಡಿ. ಒಂದೂವರೆ ವರ್ಷಕ್ಕೆ ಆರೇ ಪದ. ಆ ವಯಸ್ಸಿಗೆ ಮಕ್ಕಳ ನಡುವೆ ಅಂತರ ಬಹಳ. ಐವತ್ತು ಪದ ಆಡುವ ಮಗುವೂ ಇರುತ್ತದೆ, ಹತ್ತೇ ಪದ ಆಡಿ ಆಮೇಲೆ ಸರಿಯಾಗುವ ಮಗುವೂ ಇರುತ್ತದೆ. ಈ ಅಂತರದ ಮರೆಯಲ್ಲಿಯೇ ನಾನು ಅಡಗಿ ಕುಳಿತೆ.

ಮನೆಯಲ್ಲಿ ‘ಗಂಡು ಮಕ್ಕಳು ತಡ’ ಎಂದರು. ‘ಇವನ ಅಪ್ಪನೂ ಹೀಗೆಯೇ’ ಎಂದರು. ಅಮ್ಮ ಬಜೆ ತೇಯ್ದು ಜೇನಿನಲ್ಲಿ ಕಲಸಿ ನಾಲಿಗೆಗೆ ಸವರಿದಳು. ಪ್ರೀತಿಯಿಂದ ಮಾಡಿದಳು, ಅವಳ ಮೇಲೆ ನನಗೆ ದೂರಿಲ್ಲ. ಆದರೆ ಎಲ್ಲರ ಕಣ್ಣೂ ನಾಲಿಗೆಯ ಮೇಲಿತ್ತು, ಕಿವಿಯನ್ನು ಯಾರೂ ನೋಡಲಿಲ್ಲ.

ನಾನು ನೋಡಿದ್ದೆ, ಗೆಳೆಯ. ಹಿಂದಿನಿಂದ ಮೆಲ್ಲಗೆ ಕರೆದರೆ ಅವನು ತಿರುಗುತ್ತಿರಲಿಲ್ಲ. ಒಂದು ರಾತ್ರಿ ಹೆಂಡತಿ ಮಲಗಿದ ಮೇಲೆ ಅವನ ಬೆನ್ನ ಹಿಂದೆ ಸ್ಟೀಲ್ ಲೋಟವೊಂದನ್ನು ನೆಲಕ್ಕೆ ಬಿಟ್ಟೆ. ಅವನು ಬೆಚ್ಚಿ ತಿರುಗಿದ. ಅಲ್ಲಿಗೆ ಪರೀಕ್ಷೆ ಮುಗಿಯಿತೆಂದು ನಿಟ್ಟುಸಿರು ಬಿಟ್ಟೆ. ಅದು ಪರೀಕ್ಷೆಯೇ ಅಲ್ಲ ಎಂದು ಆಮೇಲೆ ತಿಳಿಯಿತು. ಲೋಟ ಬಿದ್ದ ಸದ್ದು ಅಷ್ಟಿಷ್ಟು ಕೇಳುವ ಕಿವಿಗೂ ಕೇಳುತ್ತದೆ. ಮಾತು ಕಲಿಯಲು ಬೇಕಾದದ್ದು ಪಿಸುಮಾತಿನಷ್ಟು ಸಣ್ಣ ಸದ್ದುಗಳು: ‘ಸ’, ‘ಶ’, ಪದದ ಕೊನೆಯಲ್ಲಿ ಇಳಿದುಹೋಗುವ ಅಕ್ಷರಗಳು. ‘ಚಪ್ಪಲಿ ತಾ’ ಎಂದರೆ ತರುತ್ತಾನಲ್ಲ ಎಂದೂ ಸಮಾಧಾನ ಮಾಡಿಕೊಂಡಿದ್ದೆ. ಹೇಳುವಾಗ ನನ್ನ ಕಣ್ಣು ಚಪ್ಪಲಿಯ ಕಡೆಗೇ ಹೋಗುತ್ತಿತ್ತು, ಅವನು ನನ್ನ ಕಣ್ಣನ್ನು ಓದುತ್ತಿದ್ದ. ಹೆಂಡತಿ ಒಮ್ಮೆ ನೇರವಾಗಿ ‘ಕರೆದರೆ ತಿರುಗಿದನೇ?’ ಎಂದು ಕೇಳಿದಳು. ‘ತಿರುಗಿದ’ ಎಂದೆ. ತಿರುಗಿರಲಿಲ್ಲ. ಉತ್ತರ ಏನು ಬರುವುದೋ ಎಂಬ ಹೆದರಿಕೆಯಲ್ಲಿ ನಾಲ್ಕು ತಿಂಗಳು ಕಳೆದೆ. ಇದನ್ನು ಅವಳಿಗೆ ಹೇಳಿದ್ದು ಹೋದ ವಾರ, ನಿನ್ನ ಸಂದೇಶ ಕೇಳಿದ ರಾತ್ರಿ.

ಇಪ್ಪತ್ತೆರಡನೆಯ ತಿಂಗಳಿನಲ್ಲಿ ಶ್ರವಣ ತಜ್ಞೆಯ ಬಳಿಗೆ ಹೋದೆವು. ‘ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ಪಾಸಾಗಿದ್ದಾನೆ’ ಎಂದು ನಾನು ಮೊದಲೇ ವಾದ ಹೂಡಿದೆ. ಅದು ಆ ದಿನದ ಕಿವಿಯ ಮಾತು, ಇಂದಿನದನ್ನು ಇಂದೇ ನೋಡಬೇಕು ಎಂದರು. ಕಿವಿಗೆ ಮೆತ್ತನೆಯ ತುದಿಯೊಂದನ್ನು ಇಟ್ಟು, ಗಾಳಿಯ ಒತ್ತಡವನ್ನು ಏರಿಸಿ ಇಳಿಸಿ, ಕಿವಿತಮಟೆ ಎಷ್ಟು ಅಲುಗುತ್ತದೆ ಎಂದು ಅಳೆದರು. ಟಿಂಪನೊಮೆಟ್ರಿ ಎನ್ನುತ್ತಾರೆ, ಕೆಲವು ಕ್ಷಣಗಳ ಕೆಲಸ. ಪರದೆಯ ಮೇಲೆ ಗೆರೆ ಗುಡ್ಡದ ಹಾಗೆ ಏರಿ ಇಳಿಯಬೇಕಿತ್ತು. ಎರಡೂ ಕಿವಿಯಲ್ಲಿ ಸಪಾಟಾಗಿತ್ತು. ತಮಟೆಯ ಹಿಂದೆ ನೆಗಡಿಯ ಕಾಲದ ದ್ರವ ನಿಂತಿತ್ತು. ನೋವಿಲ್ಲ, ಜ್ವರವಿಲ್ಲ, ಸೋರುವುದಿಲ್ಲ, ಹಾಗಾಗಿ ಮನೆಯವರಿಗೆ ಸುಳಿವೇ ಸಿಗುವುದಿಲ್ಲ. ಬೆರಳಿನಿಂದ ಎರಡೂ ಕಿವಿ ಮುಚ್ಚಿಕೊಂಡು ನಿನ್ನ ಹೆಂಡತಿಯ ಮಾತು ಕೇಳಿಸಿಕೊಂಡು ನೋಡು, ಸುಮಾರು ಹಾಗೆ. ಇಂಥ ದ್ರವ ಬಹಳ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನೇ ಇಳಿಯುತ್ತದೆ ಎಂದು ಕಾಯಲು ಹೇಳಿದರು. ಅಲ್ಲಿಯವರೆಗೆ ಹತ್ತಿರ ಕುಳಿತು, ಅವನ ಮುಖ ನೋಡುತ್ತ, ಟಿವಿ ಆರಿಸಿ ಮಾತನಾಡಿ ಎಂದರು. ಮತ್ತೆ ಹೋದಾಗ ಗುಡ್ಡ ಎದ್ದಿತ್ತು. ಅವನ ಮಾತು ದ್ರವದಿಂದಲೇ ತಡವಾಯಿತು ಎಂದು ಖಚಿತವಾಗಿ ಹೇಳಲಾಗದು ಎಂದೂ ಅವರೇ ಹೇಳಿದರು. ದ್ರವವಿದ್ದೂ ಸಮಯಕ್ಕೆ ಸರಿಯಾಗಿ ಮಾತನಾಡುವ ಮಕ್ಕಳು ಎಷ್ಟೋ ಇದ್ದಾರೆ.

ಆಮೇಲಿನದನ್ನು ಬರೆಯುವಾಗ ಕೈ ಹಗುರವಾಗುತ್ತದೆ. ಎರಡು ವರ್ಷಕ್ಕೆ ಎರಡು ಪದ ಜೋಡಿಸಬೇಕು ಎಂಬುದು ಎಲ್ಲರೂ ಹೇಳುವ ಅಳತೆ. ‘ಕಾಕಾ ಬಂತು’ ಬಂತು, ‘ಅಪ್ಪ ಬಂತು’ ಬಂತು. ಅವನ ಲೋಕದಲ್ಲಿ ನಾನೂ ಕಾಗೆಯೂ ಒಂದೇ ಲಿಂಗ. ‘ಬಂದ’, ‘ಬಂದಳು’ ತಿಂಗಳುಗಟ್ಟಲೆ ಆಮೇಲಿನ ಮಾತು. ಆದರೆ ಒಂದು ಸಂಜೆ ಅವನು ಬಿಸ್ಕತ್ತು ಹಿಡಿದು ಒಳಮನೆಯ ಕಡೆ ಕೈ ತೋರಿಸಿ ‘ಅಜ್ಜಿಗೆ’ ಎಂದ. ಒಂದೇ ಪದ. ನೋಟ್‌ಬುಕ್ಕಿನಲ್ಲಿ ಎಲ್ಲಿ ಬರೆಯಲಿ? ಇಂಗ್ಲಿಷಿನಲ್ಲಿ ಇದಕ್ಕೆ ಎರಡು ಪದ ಬೇಕು. ಕನ್ನಡದಲ್ಲಿ ಆ ಎರಡನೆಯದು ‘ಗೆ’ ಆಗಿ ಮೊದಲನೆಯದರ ಬಾಲಕ್ಕೆ ಅಂಟಿಕೊಂಡಿದೆ. ಪದ ಎಣಿಸುತ್ತ ಕುಳಿತರೆ ಕನ್ನಡದ ಕೂಸಿನ ಅರ್ಧ ವ್ಯಾಕರಣ ಲೆಕ್ಕಕ್ಕೇ ಸಿಗುವುದಿಲ್ಲ.

ಆದರೂ ನನಗೆ ಅನುಮಾನ. ‘ಅಜ್ಜಿಗೆ ಕೊಡು’ ಎಂದು ನಾವೇ ದಿನಕ್ಕೆ ಹತ್ತು ಸಲ ಹೇಳುತ್ತೇವೆ, ಇಡಿಯಾಗಿ ನುಂಗಿ ಒಪ್ಪಿಸಿದ್ದರೆ? ಎರಡು ವಾರದ ನಂತರ ಅವನು ಪೈಪು ಹಿಡಿದು ‘ಮರಗೆ ನೀರು’ ಎಂದ. ಮರಕ್ಕೆ ಅಲ್ಲ, ಮರಗೆ! ನಮ್ಮ ಮನೆಯಲ್ಲಿ ಯಾರೂ ‘ಮರಗೆ’ ಎಂದವರಿಲ್ಲ. ಅಂದರೆ ‘ಗೆ’ಯನ್ನು ಅವನೇ ಬಿಡಿಸಿ ತೆಗೆದು ತನಗೆ ಬೇಕಾದಲ್ಲಿ ಹಚ್ಚುತ್ತಿದ್ದಾನೆ. 1958ರಲ್ಲಿ ಜೀನ್ ಬರ್ಕೊ ಎಂಬವರು ಅಮೆರಿಕದ ಮಕ್ಕಳಿಗೆ ಒಂದು ಇಲ್ಲದ ಪ್ರಾಣಿಯ ಚಿತ್ರ ತೋರಿಸಿ, ಇದು ‘ವಗ್’, ಈಗ ಎರಡಿವೆ, ಏನೆನ್ನುವೆ ಎಂದು ಕೇಳಿದ್ದರು. ಎಂದೂ ಕೇಳದ ಪದಕ್ಕೆ ಮಕ್ಕಳು ಬಹುವಚನ ಹಚ್ಚಿ ತೋರಿಸಿದರು. ನನ್ನ ಮಗ ನನಗೆ ಅದನ್ನು ತೋಟದಲ್ಲಿ, ಒದ್ದೆ ಕಾಲಿನಲ್ಲಿ ನಿಂತು ತೋರಿಸಿದ. ಆ ದಿನ ನೋಟ್‌ಬುಕ್ಕಿಗೆ ‘ಮರಗೆ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಅದರಲ್ಲಿ ಕೊನೆಯ ನಮೂದು ಅದೇ. ಎಣಿಸುವುದು ಅಲ್ಲಿಗೆ ಬೇಡವೆನಿಸಿತು.

ಈಗ ಅವನಿಗೆ ಮೂರು ವರ್ಷ ಮೂರು ತಿಂಗಳು. ಪೂರ್ತಿ ವಾಕ್ಯ ಆಡುತ್ತಾನೆ. ನಿನ್ನೆಯದು: ‘ನಾನು ಅಜ್ಜಿಗೆ ಬಿಸ್ಕತ್ತು ಕೊಡಿದೆ.’ ಕರ್ತೃ, ಕರ್ಮ, ವಿಭಕ್ತಿ, ಕ್ರಿಯೆಯ ಕೊನೆಗೆ ‘ನಾನು’ ಎಂಬುದರ ಗುರುತು, ಎಲ್ಲ ತಮ್ಮ ತಮ್ಮ ಜಾಗದಲ್ಲಿವೆ. ಸೊಗಸೆಂದರೆ ಆರು ತಿಂಗಳ ಹಿಂದೆ ಅವನು ‘ಕೊಟ್ಟೆ’ ಎಂದು ಸರಿಯಾಗಿಯೇ ಹೇಳುತ್ತಿದ್ದ. ಆಗ ಅದು ಕೇಳಿ ಕಲಿತ ಪದ. ನಡುವೆ ‘ಮಾಡಿದೆ’, ‘ಓಡಿದೆ’, ‘ನೋಡಿದೆ’ಗಳ ಹೊಲಿಗೆ ಅವನಿಗೆ ಕಂಡುಬಂತು. ಈಗ ಆ ಹೊಲಿಗೆಯನ್ನು ‘ಕೊಡು’ವಿಗೂ ಹಾಕುತ್ತಿದ್ದಾನೆ. ಇದು ಹಿಂದೆ ಬಿದ್ದಂತೆ ಕಾಣುತ್ತದೆ, ಆದರೆ ನಿಯಮ ಒಳಗೆ ಕುಳಿತ ಗುರುತು. ಅಮ್ಮ ತಿದ್ದುತ್ತಾಳೆ: ‘ಕೊಟ್ಟೆ ಎನ್ನು.’ ಅವನು ಗಂಭೀರವಾಗಿ ತಲೆಯಾಡಿಸಿ ‘ಹೌದು ಅಜ್ಜಿ, ಕೊಡಿದೆ’ ಎನ್ನುತ್ತಾನೆ. ನಾನು ತಿದ್ದುವುದಿಲ್ಲ. ‘ಓ, ಅಜ್ಜಿಗೆ ಕೊಟ್ಟೆಯಾ?’ ಎಂದು ಸುಮ್ಮನೆ ಕೇಳುತ್ತೇನೆ. ಕಿವಿ ಈಗ ಕೇಳುತ್ತಿದೆ, ಅದು ತೆಗೆದುಕೊಳ್ಳುತ್ತದೆ. ನಿಜ ಹೇಳಬೇಕೆಂದರೆ ಆ ‘ಕೊಡಿದೆ’ ಹೋಗುವ ದಿನ ನನಗೆ ಸಂಕಟವಾಗುತ್ತದೆ.

ನಿನಗೆ ಇಷ್ಟು ಮಾಡಲು ಹೇಳುತ್ತೇನೆ. ನೆಗಡಿ ಬಂದು ಹೋದ ಮೇಲೆ, ಅವಳು ಆಟದಲ್ಲಿ ಮುಳುಗಿರುವಾಗ, ಬೆನ್ನ ಹಿಂದೆ ಎರಡು ಮಾರು ದೂರ ನಿಂತು ಮೆಲುದನಿಯಲ್ಲಿ ಹೆಸರು ಕರೆ. ನೆರಳು ಬೀಳದಂತೆ ನಿಲ್ಲು, ಮಕ್ಕಳು ನೆರಳನ್ನೂ ಓದುತ್ತಾರೆ. ಬೇರೆ ಬೇರೆ ದಿನ ಮಾಡಿ ನೋಡು. ಹೆಚ್ಚು ಸಲ ತಿರುಗದಿದ್ದರೆ ಅವಳ ಅಮ್ಮನಿಗೆ ಅಂದೇ ಹೇಳು. ಕಿವಿ ನೋಡುವವರ ಬಳಿಗೆ ಆ ವಾರವೇ ಹೋಗಿ. ಲೋಟ ಬೀಳಿಸಬೇಡ, ನಿಮ್ಮ ಕೆಳಮನೆಯವರು ಮೊದಲೇ ಒಳ್ಳೆಯವರಲ್ಲ ಎಂದು ನೀನೇ ಬರೆದಿದ್ದೆ.

ಮಗ ಪಕ್ಕದಲ್ಲಿ ನಿಂತಿದ್ದಾನೆ. ಯಾರಿಗೆ ಬರೆಯುತ್ತಿದ್ದೀಯ ಎಂದು ಕೇಳಿದ, ಹೇಳಿದೆ. ನಿನ್ನ ಮಗಳಿಗೆಂದು ಒಂದು ಬಿಸ್ಕತ್ತನ್ನು ಕಾಗದದ ಮೇಲೆ ಇಟ್ಟು ‘ಪಾಪುಗೆ ಕೊಡಿದೆ’ ಎಂದ. ಆಮೇಲೆ ಸ್ವಲ್ಪ ಯೋಚಿಸಿ, ಅರ್ಧ ಮುರಿದು ತಾನು ತಿಂದ. ಉಳಿದರ್ಧ ಇಲ್ಲಿದೆ, ಬೇಗ ಬಾ.

ನಿನ್ನ,
ಮೂರನೆಯ ಬೆಂಚಿನವ