ಕರೆದಲ್ಲಿಗೆ ಹೋಗುವುದು, ಸುದ್ದಿ ಕೇಳಿದಲ್ಲಿಗೆ ಹೋಗುವುದು

ಚಿರಂಜೀವಿ ರಘುವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಶನಿವಾರ ಸಂಜೆ ಬಸವನಗುಡಿಯಲ್ಲಿ ನಮ್ಮ ಕಡೆಯ ಹುಡುಗಿಯ ಆರತಕ್ಷತೆ. ನಿನ್ನ ಅಪ್ಪನಿಗೆ ಮಂಡಿನೋವು, ಹೀಗಾಗಿ ಮನೆಯ ಪರವಾಗಿ ನೀನೇ ಹೋಗಬೇಕು. ಅದರ ನಡುವೆ ನಿನ್ನ ಆಫೀಸಿನ ಗೆಳೆಯನ ತಂದೆ ತೀರಿಕೊಂಡಿದ್ದಾರೆ, ದಹನವೂ ಮುಗಿದಿದೆ. ಶುಕ್ರವಾರ ಸಂಜೆ ಹೋಗಿ ಮಾತಾಡಿಸಿಕೊಂಡು ಬರಲೇ ಎಂದು ಕೇಳಿದ್ದೀಯಲ್ಲ, ಶುಕ್ರವಾರ ಬೇಡ. ಮಂಗಳವಾರ, ಶುಕ್ರವಾರ ಸಾವಿನ ಮನೆಗೆ ಮಾತಾಡಿಸಲು ಹೋಗುವುದನ್ನು ನಮ್ಮ ಕಡೆ ಬಹಳ ಮನೆಗಳಲ್ಲಿ ಒಪ್ಪುವುದಿಲ್ಲ. ಸತ್ತ ದಿನವೇ ಹೋಗುವುದಾದರೆ ವಾರ ನೋಡುವಂತಿಲ್ಲ, ಆಮೇಲೆ ಹೋಗುವುದಕ್ಕೆ ಮಾತ್ರ ಈ ಲೆಕ್ಕ. ಶನಿವಾರ ಬೆಳಿಗ್ಗೆ ಹತ್ತರ ಮೇಲೆ ಹೋಗು. ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಸಂಜೆ ಆರತಕ್ಷತೆಗೆ ಹೊರಡು. ಅವರು ನಿನಗೆ ದಾಯಾದಿಗಳಲ್ಲ, ಆದ್ದರಿಂದ ಸೂತಕವಿಲ್ಲ, ಸ್ನಾನ ಸಾಕು. ದಾಯಾದಿಯ ಸಾವಾಗಿದ್ದರೆ ಹತ್ತು ದಿನ ಮದುವೆಯ ಕಡೆ ಹೋಗದೆ, ಕರೆದವರಿಗೆ ಫೋನಿನಲ್ಲಿ ವಿಷಯ ತಿಳಿಸಿ ಸುಮ್ಮನಿರಬೇಕಿತ್ತು.

ಒಂದೇ ದಿನ ಎರಡೂ ಕಡೆ ಹೋಗುತ್ತಿರುವುದರಿಂದ ಒಂದು ವಿಷಯ ನಿನ್ನ ಮನಸ್ಸಿನಲ್ಲಿರಲಿ. ಮದುವೆಮನೆಯಲ್ಲಿ ಅವರು ನಿನ್ನನ್ನು ಬರಮಾಡಿಕೊಳ್ಳುತ್ತಾರೆ. ಸಾವಿನ ಮನೆಯಲ್ಲಿ ನಿನ್ನನ್ನು ಯಾರೂ ಬರಮಾಡಿಕೊಳ್ಳುವುದಿಲ್ಲ, ಬರಮಾಡಿಕೊಳ್ಳಲೂಬಾರದು. ಬಾಗಿಲಲ್ಲಿ ನಿಂತು ‘ಬನ್ನಿ’ ಎಂಬ ಮಾತಿಗೆ ಕಾಯುವವರನ್ನು ನೋಡಿದ್ದೇನೆ. ಒಳಗಿನವರಿಗೆ ಎದ್ದು ಬರುವ ತ್ರಾಣವಿರುವುದಿಲ್ಲ, ಹೊರಗಿನವರಿಗೆ ಒಳಗೆ ಹೋಗಲು ಸಂಕೋಚ. ನೀನು ಚಪ್ಪಲಿ ಹೊರಗೆ ಬಿಟ್ಟು, ಫೋನನ್ನು ಸೈಲೆಂಟ್ ಮಾಡಿ, ಸೀದಾ ಒಳಗೆ ಹೋಗು.

ಗೆಳೆಯ ಎದುರಾದಾಗ ಕೈಮುಗಿಯಬೇಡ. ಸೂತಕದಲ್ಲಿರುವವರಿಗೆ ನಮಸ್ಕಾರ ಮಾಡುವುದಿಲ್ಲ, ಅವರೂ ನಿನಗೆ ಮಾಡುವುದಿಲ್ಲ. ‘ಹೇಗಿದ್ದೀಯ, ಚೆನ್ನಾಗಿದ್ದೀಯಾ’ ಎಂದು ಅಭ್ಯಾಸಬಲದಿಂದ ಬಾಯಿಗೆ ಬಂದುಬಿಡುತ್ತದೆ, ತಡೆದುಕೋ. ಕೈ ಹಿಡಿದುಕೊಂಡು ‘ಸುದ್ದಿ ಕೇಳಿದೆ ಕಣೋ’ ಎಂದರೆ ಆಯಿತು. ಅವನು ಅತ್ತರೆ ಅಳಲಿ, ಸಮಾಧಾನ ಮಾಡಲು ಅವಸರ ಪಡಬೇಡ. ಪಕ್ಕದಲ್ಲಿ ಕೂತುಕೋ. ಎಲ್ಲರೂ ಚಾಪೆಯ ಮೇಲಿದ್ದರೆ ನೀನೂ ಚಾಪೆಯ ಮೇಲೆ. ಅವನ ತಾಯಿ ಒಳಗಿನ ಕೋಣೆಯಲ್ಲಿದ್ದರೆ ಮನೆಯವರು ಕರೆದುಕೊಂಡು ಹೋದರೆ ಮಾತ್ರ ಒಳಗೆ ಹೋಗು. ‘ಅಮ್ಮ, ನಾನು ಇವನ ಜೊತೆ ಕೆಲಸ ಮಾಡುವವನು, ರಘು’ ಎಂದು ಹೇಳಿ ಅಲ್ಲಿಗೆ ನಿಲ್ಲಿಸು.

ಆಮೇಲೆ ಏನು ಮಾತಾಡಬೇಕು ಎನ್ನುವುದೇ ಎಲ್ಲರ ತೊಡಕು. ‘ಏನಾಗಿತ್ತು? ಯಾವ ಆಸ್ಪತ್ರೆ? ಮೊದಲೇ ಗೊತ್ತಾಗಲಿಲ್ವಾ?’ ಎಂದು ಬಂದವರೆಲ್ಲ ಮಕ್ಕಳನ್ನೇ ಕೇಳುತ್ತಾರೆ. ಬೆಳಗಿನಿಂದ ಅದನ್ನೇ ಹೇಳಿ ಹೇಳಿ ಅವರಿಗೆ ಸಾಕಾಗಿರುತ್ತದೆ. ಅದರಲ್ಲೂ ಕೊನೆಯ ಪ್ರಶ್ನೆಯಲ್ಲಿ ‘ನೀವು ಸರಿಯಾಗಿ ನೋಡಿಕೊಳ್ಳಲಿಲ್ಲ’ ಎಂಬ ಆರೋಪವಿದೆ. ತಿಳಿಯಬೇಕಿದ್ದರೆ ಹೊರಗೆ ನಿಂತ ಅಕ್ಕಪಕ್ಕದವರನ್ನು ಮೆಲ್ಲಗೆ ಕೇಳು. ಗೆಳೆಯ ತಾನಾಗಿ ಹೇಳತೊಡಗಿದರೆ ಮಾತ್ರ ಪೂರ್ತಿ ಕೇಳಿಸಿಕೋ, ಮಧ್ಯೆ ನಿನಗೆ ತಿಳಿದ ಬೇರೆ ರೋಗಿಯ ಕಥೆ ತೆಗೆಯಬೇಡ. ‘ವಯಸ್ಸಾಗಿತ್ತು ಬಿಡು’, ‘ನರಳದೆ ಹೋದರಲ್ಲ, ಪುಣ್ಯವಂತರು’ ಎಂಬ ಮಾತುಗಳನ್ನು ಮನೆಯವರು ಆಡಿದರೆ ಹೂಂ ಎನ್ನು, ನೀನಾಗಿ ಆಡಬೇಡ. ಎಂಬತ್ತರಲ್ಲಿ ಹೋದರೂ ಮಗನಿಗೆ ಅಪ್ಪ ಅಪ್ಪನೇ.

ಅಲ್ಲಿ ಸಲ್ಲುವ ಮಾತು ಒಂದೇ, ಹೋದವರ ಬಗ್ಗೆ ನಿನಗೆ ನಿಜವಾಗಿ ಗೊತ್ತಿರುವ ಒಂದು ಸಂಗತಿ. ಗೆಳೆಯನ ಮನೆಗೆ ನೀನು ಹೋದಾಗಲೆಲ್ಲ ಅವರೇ ಕಾಫಿ ಬೆರೆಸಿ ಕೊಡುತ್ತಿದ್ದರು ಎಂದು ನೀನು ಹೇಳುತ್ತಿದ್ದೆಯಲ್ಲ, ಅದನ್ನೇ ಹೇಳು. ‘ಅಪ್ಪಾಜಿ ಕೈಯ ಕಾಫಿ ಮರೆಯೋಕಾಗಲ್ಲ’ ಎಂದರೆ ಅವನು ಇನ್ನೊಂದು ನಾಲ್ಕು ಮಾತು ಸೇರಿಸುತ್ತಾನೆ, ಎದೆ ಹಗುರಾಗುತ್ತದೆ. ಏನೂ ಗೊತ್ತಿಲ್ಲದಿದ್ದರೆ ಹೊಗಳಿಕೆ ಹುಟ್ಟಿಸಬೇಡ, ಸುಮ್ಮನೆ ಕೂತರೂ ನಡೆಯುತ್ತದೆ.

‘ಏನಾದರೂ ಬೇಕಾದರೆ ಹೇಳು’ ಎಂದರೆ ಯಾರೂ ಏನೂ ಹೇಳುವುದಿಲ್ಲ. ಅದರ ಬದಲು ಒಂದು ಕೆಲಸದ ಹೆಸರು ಹಿಡಿದು ಕೇಳು. ಮರಣ ಪ್ರಮಾಣಪತ್ರಕ್ಕೆ 21 ದಿನದೊಳಗೆ ನೋಂದಣಿಯಾಗಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಅಲ್ಲಿಂದಲೇ ವರದಿ ಹೋಗಿರುತ್ತದೆ, ಮನೆಯಲ್ಲಾಗಿದ್ದರೆ ಮನೆಯವರೇ ತಿಳಿಸಬೇಕು. ಹೆಸರಿನ ಅಕ್ಷರ ಆಧಾರ್ ಕಾರ್ಡಿನಲ್ಲಿರುವಂತೆಯೇ ಬಂದಿದೆಯೇ ಎಂದು ನೋಡಿಕೊಳ್ಳದಿದ್ದರೆ ಮುಂದೆ ಬ್ಯಾಂಕು, ಪಿಂಚಣಿ ಎಲ್ಲ ಕಡೆ ಅಲೆದಾಟ. ‘ಆ ಕಾಗದ ನಾನು ನೋಡಿಕೊಳ್ಳಲಾ?’ ಎಂದು ಕೇಳು. ಆಫೀಸಿನ ರಜೆಯ ವಿಷಯ ನೀನೇ ಮ್ಯಾನೇಜರಿಗೆ ಹೇಳಿಬಿಡು, ಅವನಿಂದ ಫೋನು ಮಾಡಿಸಬೇಡ. ಊಟ ಒಯ್ಯುವುದಾದರೆ ಮನೆಯ ಹಿರಿಯರೊಬ್ಬರನ್ನು ಮೊದಲು ಕೇಳು. ಕರ್ಮಕ್ಕೆ ಕೂತವನ ಊಟದ ನಿಯಮ ಬೇರೆ, ಉಳಿದವರಿಗೆ ಅನ್ನ ಸಾರು, ಮೊಸರನ್ನ, ಇಡ್ಲಿ ಯಾವುದಾದರೂ ಆಗುತ್ತದೆ. ಸಿಹಿ ಬೇಡ.

ಹದಿನೈದು ಇಪ್ಪತ್ತು ನಿಮಿಷ ಸಾಕು. ಹೊಸಬರು ಬಂದು ಕೂರಲು ಜಾಗ ಹುಡುಕುವಾಗ ಎದ್ದುಬಿಡು. ಇಲ್ಲಿಯೇ ಹೆಚ್ಚಿನವರು ತಪ್ಪುವುದು. ದಿನಾ ಎಲ್ಲಿಂದ ಹೊರಟರೂ ‘ಬರ್ತೀನಿ’ ಎನ್ನುವ ನಾಲಿಗೆ ಅಲ್ಲೂ ಅದನ್ನೇ ಹೇಳುತ್ತದೆ. ಸಾವಿನ ಮನೆಯಲ್ಲಿ ‘ಹೋಗಿ ಬರ್ತೀನಿ’ ಎಂದರೆ ಇಂಥದ್ದಕ್ಕೇ ಮತ್ತೆ ಬರುತ್ತೇನೆ ಎಂದಂತಾಗುತ್ತದೆ. ‘ಹೋಗ್ತೀನಿ’ ಎಂದೂ ಹೇಳಬೇಡ. ಗೆಳೆಯನ ಭುಜ ಮುಟ್ಟಿ, ತಲೆಯಾಡಿಸಿ ಎದ್ದು ನಡೆ. ಅವನೂ ಗೇಟಿನವರೆಗೆ ಬರುವುದಿಲ್ಲ, ‘ಮತ್ತೆ ಬಾ’ ಎನ್ನುವುದಿಲ್ಲ. ಕೋಪವೆಂದು ತಿಳಿಯಬೇಡ. ಅಲ್ಲಿಂದ ಇನ್ನೊಬ್ಬರ ಮನೆಗೆ ಹೋಗದೆ ನೇರ ಮನೆಗೆ ಬಾ.

ಮುಂದೆಂದಾದರೂ ದೇಹ ಮನೆಯಲ್ಲಿರುವಾಗಲೇ ಹೋಗಬೇಕಾಗಿ ಬಂದರೆ ಇಷ್ಟು ಗೊತ್ತಿರಲಿ: ಬಿಡಿ ಹೂವೋ ಹಾರವೋ ತೆಗೆದುಕೊಂಡು ಹೋಗಿ, ಹಾರವನ್ನು ದೇಹದ ಮೇಲಿಟ್ಟು, ಕಾಲ ಬಳಿ ನಮಸ್ಕಾರ ಮಾಡಿ ಪಕ್ಕಕ್ಕೆ ಸರಿ. ಪ್ರದಕ್ಷಿಣೆ ಬರುವ, ಬಾಯಿಗೆ ನೀರು ಬಿಡುವ ಪದ್ಧತಿ ಮನೆತನದಿಂದ ಮನೆತನಕ್ಕೆ ಬೇರೆ, ಮುಂದಿನವರು ಮಾಡಿದ್ದನ್ನು ನೋಡಿ ಮಾಡು. ಲಿಂಗಾಯತರಲ್ಲಿ ದೇಹವನ್ನು ಕೂರಿಸಿರುತ್ತಾರೆ, ವಿಭೂತಿ ಹಚ್ಚಿರುತ್ತಾರೆ, ಭಜನೆ ನಡೆಯುತ್ತಿರುತ್ತದೆ, ಕಂಡು ಗಾಬರಿಯಾಗಬೇಡ. ಮುಸ್ಲಿಮರ, ಕ್ರೈಸ್ತರ ಮನೆಯಲ್ಲಿ ಪ್ರಾರ್ಥನೆ ನಡೆಯುವಾಗ ತಲೆಬಾಗಿ ನಿಂತರೆ ಅದೇ ಗೌರವ.

ಈಗ ಸಂಜೆಯ ವಿಷಯ. ಅಲ್ಲಿ ಬಾಗಿಲಲ್ಲೇ ಪನ್ನೀರು ಚಿಮುಕಿಸಿ, ಕಲ್ಲುಸಕ್ಕರೆ, ಹೂವು ಹಿಡಿದು ನಿಂತಿರುತ್ತಾರೆ. ಫೋನು ನೋಡುತ್ತಾ ದಾಟಿ ಹೋಗಬೇಡ. ನಿಂತು ಕಲ್ಲುಸಕ್ಕರೆ ತೆಗೆದುಕೊಂಡು ನಮಸ್ಕಾರ ಹೇಳು, ಅದನ್ನು ಹಂಚಲು ನಿಲ್ಲಿಸಿರುವುದು ಹೆಚ್ಚಾಗಿ ಮನೆಯ ಹುಡುಗಿಯರನ್ನೇ. ಒಳಗೆ ಹೋದವನು ಸೀದಾ ವೇದಿಕೆಯ ಸಾಲಿಗೆ ಹೋಗದೆ ನಮ್ಮನ್ನು ಕರೆದವರನ್ನು, ಅಂದರೆ ಹುಡುಗಿಯ ಅಪ್ಪ ಅಮ್ಮನನ್ನು ಮೊದಲು ಕಾಣು. ‘ಅಪ್ಪನಿಗೆ ಮಂಡಿನೋವು, ಬರಲಾಗಲಿಲ್ಲ, ನಿಮಗೆ ತಿಳಿಸು ಅಂದರು’ ಎಂದು ಬಾಯಿಬಿಟ್ಟು ಹೇಳು. ಅವರು ಮುಖ ನೋಡಿ ‘ಅಪ್ಪ ಎಲ್ಲಪ್ಪಾ?’ ಎಂದು ಕೇಳುವವರೆಗೆ ಕಾಯಬೇಡ, ಕೇಳದಿದ್ದರೆ ಅದು ಮನಸ್ಸಿನಲ್ಲೇ ಉಳಿಯುತ್ತದೆ.

ಮುಯ್ಯಿಯ ಕವರನ್ನು ಮನೆಯಲ್ಲೇ ಸಿದ್ಧಮಾಡಿಕೋ. 1001 ಇಡು, ಸೊನ್ನೆಗೆ ಮುಗಿಯುವ ಮೊತ್ತ ಇಡುವುದಿಲ್ಲ, ಒಂದು ರೂಪಾಯಿ ಸೇರಲೇಬೇಕು. ನಾಣ್ಯ ಅಂಟಿಸಿದ ಕವರೇ ಅಂಗಡಿಯಲ್ಲಿ ಸಿಗುತ್ತದೆ. ಮೇಲೆ ಬರೀ ‘ರಘು’ ಎಂದು ಬರೆದರೆ ಮರುದಿನ ಮುಯ್ಯಿ ಪುಸ್ತಕ ಬರೆಯುವವರಿಗೆ ಯಾವ ರಘು ಎಂದು ತಿಳಿಯುವುದಿಲ್ಲ. ಅಪ್ಪನ ಹೆಸರು, ಊರು ಬರೆದು ಅದರ ಕೆಳಗೆ ನಿನ್ನ ಹೆಸರು ಬರೆ. ನಾಳೆ ನಮ್ಮ ಮನೆಯಲ್ಲಿ ಶುಭಕಾರ್ಯವಾದಾಗ ಅವರು ಆ ಪುಸ್ತಕ ನೋಡಿಯೇ ಬರುತ್ತಾರೆ. ಆಹ್ವಾನಪತ್ರಿಕೆಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚಾಗಿದ್ದರೆ ಮಾತ್ರ ಕವರನ್ನು ಜೇಬಿನಲ್ಲೇ ಇಟ್ಟುಕೋ, ಬಲವಂತ ಮಾಡಬೇಡ.

ವೇದಿಕೆಯ ಮೇಲೆ ನಿನಗೆ ಸಿಗುವುದು ಅರ್ಧ ನಿಮಿಷ. ಹಿಂದೆ ಸಾಲು ಕಾಯುತ್ತಿರುತ್ತದೆ, ಫೋಟೋದವನು ‘ಈ ಕಡೆ ನೋಡಿ’ ಎನ್ನುತ್ತಿರುತ್ತಾನೆ. ಹುಡುಗಿಗೆ ನೀನು ಗೊತ್ತು, ಹುಡುಗನಿಗೆ ಗೊತ್ತಿಲ್ಲ. ಅವನ ಕಡೆ ತಿರುಗಿ ‘ನಿಮ್ಮ ಮಾವನವರ ಚಿಕ್ಕಪ್ಪನ ಮೊಮ್ಮಗ, ರಘು’ ಎಂದು ನಂಟನ್ನೇ ಹೇಳು. ಬರೀ ಹೆಸರು ಹೇಳಿದರೆ ಅವನು ನಕ್ಕು ಮರೆಯುತ್ತಾನೆ, ನಂಟು ಹೇಳಿದರೆ ನೆನಪಿಟ್ಟುಕೊಳ್ಳುತ್ತಾನೆ. ಹುಡುಗಿ ನಿನಗಿಂತ ದೊಡ್ಡವಳು, ಹಾಗಾಗಿ ‘ಆಶೀರ್ವಾದ’ ಎನ್ನುವುದು ನಿನ್ನ ಬಾಯಲ್ಲಿ ಒಪ್ಪುವುದಿಲ್ಲ, ‘ಅಕ್ಕ, ಇಬ್ಬರಿಗೂ ಶುಭವಾಗಲಿ’ ಎನ್ನು. ಕವರನ್ನು ಬಲಗೈಯಲ್ಲಿ ಕೊಡು. ‘ಸೊರಗಿದ್ದೀಯ’, ‘ಸಿಹಿ ಸುದ್ದಿ ಯಾವಾಗ’, ‘ಛತ್ರಕ್ಕೆ ಎಷ್ಟಾಯ್ತು’ ಇವು ಯಾವುದೂ ಅಲ್ಲಿ ಬೇಡ. ಫೋಟೋ ಆದ ಕೂಡಲೇ ಇನ್ನೊಂದು ಬದಿಯಿಂದ ಇಳಿ.

ಸಭಾಂಗಣದಲ್ಲಿ ಒಂದು ಸಂದರ್ಭ ಬಂದೇ ಬರುತ್ತದೆ. ಹೋದ ವರ್ಷ ಮಾವನವರನ್ನು ಕಳೆದುಕೊಂಡ ಅತ್ತೆ ಅಲ್ಲಿಗೆ ಬರುತ್ತಾರೆ, ಆಗ ನೀನು ಊರಿನಲ್ಲಿರಲಿಲ್ಲ, ಮಾತಾಡಿಸಲು ಹೋಗಿಲ್ಲ. ಅವರನ್ನು ಕಂಡೊಡನೆ ‘ಮಾವ ಹೀಗಾಗಿಬಿಟ್ಟರಲ್ಲ ಅತ್ತೆ’ ಎಂದು ಶುರುಮಾಡಬೇಡ. ಮನಸ್ಸು ಗಟ್ಟಿ ಮಾಡಿಕೊಂಡು ಹತ್ತು ಜನರೆದುರು ಬಂದಿರುತ್ತಾರೆ, ಅಲ್ಲಿ ಕಣ್ಣೀರು ಹಾಕಿಸಿದರೆ ಅವರು ಮೂಲೆ ಹಿಡಿಯುತ್ತಾರೆ. ಹಾಗೆಂದು ದೂರದಿಂದ ದಾಟಿಹೋಗಲೂಬಾರದು. ಹತ್ತಿರ ಹೋಗಿ, ಕಾಲು ಮುಟ್ಟಿ ನಮಸ್ಕಾರ ಮಾಡಿ, ‘ಅತ್ತೆ, ಊಟಕ್ಕೆ ನನ್ನ ಜೊತೆ ಬನ್ನಿ’ ಎಂದು ಕರೆದುಕೊಂಡು ಹೋಗು. ಮಾವನವರ ವಿಷಯ ಮಾತಾಡಲು ಮುಂದಿನ ವಾರ ಅವರ ಮನೆಗೇ ಹೋಗು. ನಮ್ಮ ಜನ ವಿಧವೆಯರನ್ನು ಮದುವೆಮನೆಯಲ್ಲಿ ಮಾತಾಡಿಸದೆ ಬಿಡುವ ರೀತಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ಊಟ ಮಾಡದೆ ಬರಬೇಡ. ಹೊಟ್ಟೆಗೆ ಸರಿಯಿಲ್ಲದಿದ್ದರೆ ಎಲೆಯ ಮುಂದೆ ಕೂತು ಸಿಹಿ, ಮೊಸರನ್ನ ಇಷ್ಟಾದರೂ ತಿನ್ನು. ಹೊರಡುವಾಗ ಹುಡುಗಿಯ ಅಪ್ಪ ಅಮ್ಮನನ್ನು ಮತ್ತೆ ಹುಡುಕಿ ‘ಊಟ ಚೆನ್ನಾಗಿತ್ತು, ಹೋಗಿ ಬರ್ತೀನಿ’ ಎಂದು ಹೇಳು. ಬೆಳಿಗ್ಗೆ ನುಂಗಿಕೊಂಡ ಆ ಮಾತನ್ನು ಇಲ್ಲಿ ಹೇಳದೆ ಬಂದರೆ ಅವರಿಗೆ ಬೇಸರವಾಗುತ್ತದೆ. ತಾಂಬೂಲದ ಚೀಲ ಕೊಟ್ಟರೆ ‘ಬೇಡ, ಗಾಡಿಯಲ್ಲಿ ಬಂದಿದ್ದೇನೆ’ ಎನ್ನದೆ ಎರಡೂ ಕೈಯಲ್ಲಿ ತೆಗೆದುಕೋ.

ಗೆಳೆಯನ ಮನೆಯಿಂದ 13ನೇ ದಿನದ ವೈಕುಂಠ ಸಮಾರಾಧನೆಗೆ ಫೋನು ಬರಬಹುದು. ಮಂಡ್ಯದ ಕಡೆಯವರಾದರೆ 11ನೇ ದಿನಕ್ಕೇ ತಿಥಿ ಇಟ್ಟುಕೊಂಡಿರುತ್ತಾರೆ. ಅದಕ್ಕೆ ಅವರು ಕರೆದಿರುತ್ತಾರೆ, ಆದ್ದರಿಂದ ಹೋಗಿ ಪಂಕ್ತಿಯಲ್ಲಿ ಕೂತು ಊಟ ಮಾಡು. ಸೂತಕ ಕಳೆದಿರುವುದರಿಂದ ಕೈಮುಗಿಯಬಹುದು. ಆದರೆ ಅಡುಗೆಯನ್ನು ಹೊಗಳಬೇಡ, ಹೊರಡುವಾಗ ‘ಬರ್ತೀನಿ’ ಎನ್ನುವುದನ್ನೂ ಅಂದು ಬಿಟ್ಟುಬಿಡು.

ಕವರಿನ ಮೇಲೆ ಅಪ್ಪನ ಹೆಸರು ಬರೆಯುವಾಗ ಇನಿಷಿಯಲ್ ಸರಿಯಾಗಿ ಹಾಕು. ಆ ಕಡೆ ಅದೇ ಹೆಸರಿನವರು ಇನ್ನೊಬ್ಬರಿದ್ದಾರೆ.

ಇಂತಿ,
ನಿನ್ನ ದೊಡ್ಡಪ್ಪ